ಇನ್ನೂರು ಪದಗಳಲ್ಲಿ ಒಬ್ಬ ಮೇಷ್ಟ್ರು

ಸರ್ಕಾರಿ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವ ಗೆಳತಿಯೊಬ್ಬಳು ಫೆಲೋಶಿಪ್ ಅರ್ಜಿಗೆ ಬರೆದ ತನ್ನ ಪರಿಚಯವನ್ನು ನೋಡಿಕೊಡು ಎಂದು ಕಳಿಸಿದ್ದಳು. ಮಿತಿ ಇನ್ನೂರು ಪದ. ಅರ್ಧ ಜಾಗವನ್ನು ಪದವಿಗಳು, 14 ಲೇಖನಗಳು, 22 ವಿಚಾರ ಸಂಕಿರಣಗಳು ನುಂಗಿದ್ದವು. ಆಮೇಲೆ ಹನ್ನೊಂದು ವರ್ಷದ ಬೋಧನಾನುಭವ. ಕಟ್ಟಕಡೆಗೆ, ‘ಕರ್ನಾಟಕದ ಇತಿಹಾಸದಲ್ಲಿ ಹೆಚ್ಚಿನ ಸಂಶೋಧನೆ ಮಾಡುವ ಆಸಕ್ತಿಯಿದೆ’ ಎಂಬ ಒಂದು ಸಾಲು. ಅವಳ ಜೊತೆ ಹತ್ತು ನಿಮಿಷ ಕೂತರೆ ಕೆರೆಯ ವಿಷಯ ಬಿಟ್ಟು ಬೇರೆ ಮಾತೇ ಬರುವುದಿಲ್ಲ. ಆ ಪುಟದಲ್ಲಿ ಕೆರೆ ಎಂಬ ಪದವೇ ಇರಲಿಲ್ಲ.

ತಪ್ಪು ಅವಳೊಬ್ಬಳದಲ್ಲ. 2010ರ ಯುಜಿಸಿ ನಿಯಮಾವಳಿ ಎಪಿಐ ಅಂಕಗಳನ್ನು ತಂದ ಮೇಲೆ ನಮ್ಮ ಅಧ್ಯಾಪಕರು ಬಡ್ತಿಗಾಗಿ ಲೇಖನ, ಸಂಕಿರಣ ಎಲ್ಲವನ್ನೂ ಎಣಿಸಿ ಕೂಡಿಸುವುದನ್ನು ಕಲಿತರು. ಬಡ್ತಿಯ ಕಡತಕ್ಕೆ ಆ ಲೆಕ್ಕ ಬೇಕು. ಫೆಲೋಶಿಪ್ ಸಮಿತಿಗೆ ಲೆಕ್ಕ ಸಿವಿಯಲ್ಲೇ ಸಿಗುತ್ತದೆ. ಪರಿಚಯದಲ್ಲಿ ಅದನ್ನೇ ಮತ್ತೆ ಬರೆದರೆ ಜಾಗ ದಂಡ. ಸಮಿತಿಯಲ್ಲಿ ಇತಿಹಾಸದವರೇ ಇರುತ್ತಾರೆ ಎಂದೂ ಇಲ್ಲ. ಅರ್ಥಶಾಸ್ತ್ರದವರಿಗೆ ಲೇಖನದ ಶೀರ್ಷಿಕೆಯಿಂದ ಏನೂ ತಿಳಿಯುವುದಿಲ್ಲ, ಅದರಲ್ಲಿ ಏನು ಕಂಡಿರಿ ಎಂದು ಹೇಳಿದರೆ ತಿಳಿಯುತ್ತದೆ.

ಹಾಗಾಗಿ ನಾನು ಕೇಳಿದ್ದು ಒಂದೇ: ಈ ಹನ್ನೊಂದು ವರ್ಷ ನಿನ್ನ ತಲೆ ಕೊರೆದ ಪ್ರಶ್ನೆ ಯಾವುದು? ‘ಕೆರೆ ಕಟ್ಟಿಸಿದವರ ಹೆಸರು ಶಾಸನದಲ್ಲಿದೆ. ನೂರು ವರ್ಷದ ಮೇಲೆ ಹೂಳು ತೆಗೆಸಿದವರು ಯಾರು, ದುಡ್ಡು ಎಲ್ಲಿಂದ ಬಂತು?’ ಎಂದಳು. ಪರಿಚಯದ ಮೊದಲ ವಾಕ್ಯ ಅಲ್ಲೇ ಸಿಕ್ಕಿತು.

ಹದಿನಾಲ್ಕು ಲೇಖನಗಳಲ್ಲಿ ಎರಡು ಉಳಿದವು. ಒಂದು, ಕೆರೆಯ ಪಾಲನೆಗೆಂದು ಬಿಡುತ್ತಿದ್ದ ಬಿತ್ತುವಟ್ಟ ಭೂಮಿಯ ಶಾಸನಗಳ ಮೇಲಿನದು. ದುರಸ್ತಿಯ ಖರ್ಚನ್ನು ಆ ಕೆರೆಯ ನೀರುಂಡ ಗದ್ದೆಯೇ ಹೊರುವ ವ್ಯವಸ್ಥೆಯಿತ್ತು ಎಂದು ಅದರಲ್ಲಿ ತೋರಿಸಿದ್ದಾಳೆ. ಇನ್ನೊಂದು, ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಗಳ ಬಗ್ಗೆ. ‘ಪರಿಶೀಲನೆಯಲ್ಲಿದೆ’ ಎಂದು ಬರೆದಿದ್ದ ಮೂರು ಲೇಖನಗಳನ್ನು ತೆಗೆಸಿದೆ. ಪತ್ರಿಕೆ ಒಪ್ಪದ ಲೇಖನ ಪ್ರಕಟಣೆಯಲ್ಲ. ಎರಡು ಒಳ್ಳೆಯವುಗಳ ಪಕ್ಕ ಅಂಥ ಮೂರು ಕೂತರೆ ಓದುವವರಿಗೆ ಒಳ್ಳೆಯವುಗಳ ಮೇಲೂ ಅನುಮಾನ ಬರುತ್ತದೆ.

ಬೋಧನೆಯ ವಿಷಯಕ್ಕೆ ಬಂದಾಗ ಅವಳು ಕೈಚೆಲ್ಲಿದಳು. ‘ಬಿಎ ಮಕ್ಕಳಿಗೆ ಪಾಠ ಮಾಡ್ತೀನಿ, ಅದರಲ್ಲಿ ಹೇಳೋದೇನು?’ ಹೇಳುವಂಥದ್ದು ಇತ್ತು. ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಅವರವರ ಊರಿನ ಕೆರೆ ಏರಿಗೆ ಕಳಿಸಿ, ಹಳೆಯ ನೀರುಗಂಟಿಗಳ ಮಾತನ್ನು ಬರೆಸಿಕೊಂಡು ಬರಲು ಹೇಳುತ್ತಾಳೆ. ಎರಡನೇ ಲೇಖನ ಹುಟ್ಟಿದ್ದೇ ಆ ನೋಟ್‌ಬುಕ್ಕುಗಳಿಂದ! ಹನ್ನೊಂದು ವರ್ಷ ಎಂಬ ಅಂಕಿಗಿಂತ ಈ ಒಂದು ವಾಕ್ಯ ಹೆಚ್ಚು ಹೇಳುತ್ತದೆ, ಪಾಠವನ್ನೂ ಸಂಶೋಧನೆಯನ್ನೂ ಬೇರೆಬೇರೆ ಪ್ಯಾರಾ ಮಾಡುವ ಕಷ್ಟವೂ ತಪ್ಪುತ್ತದೆ.

ಮುಂದಿನ ಕೆಲಸದ ಸಾಲುಗಳೇ ಹೆಚ್ಚು ಸತಾಯಿಸಿದವು. ಮೊದಲು ‘ದಕ್ಷಿಣ ಭಾರತದ ಕೆರೆಗಳ ಸಮಗ್ರ ಇತಿಹಾಸ’ ಎಂದಿದ್ದಳು. ಒಂದು ಜನ್ಮಕ್ಕೆ ಮುಗಿಯುವ ಕೆಲಸವಲ್ಲ ಅದು. ಫೆಲೋಶಿಪ್ ಮುಗಿದ ದಿನ ಮೇಜಿನ ಮೇಲೆ ಏನಿರುತ್ತದೆ ಎಂದು ಕೇಳಿದೆ. ಯೋಚಿಸಿ, ಒಂದೇ ತಾಲ್ಲೂಕಿನ ಶಾಸನಗಳನ್ನೂ ಬ್ರಿಟಿಷ್ ಕಾಲದ ಕಂದಾಯ ದಾಖಲೆಗಳನ್ನೂ ಒಟ್ಟಿಗಿಟ್ಟು ಓದುವ ಪುಸ್ತಕದ ಎರಡು ಅಧ್ಯಾಯ ಎಂದಳು. ಪ್ರಕಟವಾದ ಎರಡು ಲೇಖನಗಳಿಂದ ಅಲ್ಲಿಗೆ ನೇರ ದಾರಿಯಿದೆ, ಸಮಿತಿ ನಂಬಬಹುದು. ಪ್ರಕಟಣೆಗೂ ಕನಸಿಗೂ ಸಂಬಂಧವೇ ಕಾಣದಿದ್ದರೆ ಅರ್ಜಿದಾರರು ಫೆಲೋಶಿಪ್‌ಗೆಂದೇ ವಿಷಯ ಹುಡುಕಿದ್ದಾರೆ ಎಂಬುದು ಬಯಲಾಗುತ್ತದೆ.

ಈ ಮೂರಕ್ಕೂ ಸಮಪಾಲು ಕೊಡಬೇಕಿಲ್ಲ. ಶಿಮ್ಲಾದ ಭಾರತೀಯ ಉನ್ನತ ಅಧ್ಯಯನ ಸಂಸ್ಥೆಯಂಥ ಕಡೆ ಫೆಲೋಗಳು ಹೋಗುವುದು ಓದಿ ಬರೆಯಲು. ಅಲ್ಲಿಗೆ ಪ್ರಶ್ನೆ, ಲೇಖನ, ಮುಂದಿನ ಪುಸ್ತಕ ಮುಖ್ಯ, ಪಾಠಕ್ಕೆ ಒಂದು ವಾಕ್ಯ ಸಾಕು. ಭಾರತದ ಅಧ್ಯಾಪಕರಿಗಿರುವ ಫುಲ್‌ಬ್ರೈಟ್-ನೆಹರು ಫೆಲೋಶಿಪ್‌ನ ಒಂದು ಬಗೆಯಲ್ಲಿ ಅಮೆರಿಕದಲ್ಲಿ ಪಾಠ ಮಾಡಬಹುದು, ಸಂಶೋಧನೆ ಮಾಡಬಹುದು, ಎರಡನ್ನೂ ಬೆರೆಸಬಹುದು. ಪಾಠವನ್ನು ಆರಿಸಿಕೊಂಡವರು ನೀರುಗಂಟಿಯ ನೋಟ್‌ಬುಕ್ಕನ್ನೇ ಮುಂದಿಟ್ಟು ಬಿತ್ತುವಟ್ಟವನ್ನು ಹಿಂದಕ್ಕೆ ತಳ್ಳಬೇಕು. ಒಂದೇ ಪರಿಚಯವನ್ನು ಎಲ್ಲ ಕಡೆಗೂ ಕಳಿಸುವವರು ಎಡವುವುದು ಇಲ್ಲೇ.

ಗೆಳತಿಯ ಕೊನೆಯ ಪ್ರತಿಯಲ್ಲಿ ಮೊದಲ ಪ್ರಶ್ನೆಗೆ ಮೂವತ್ತು ಪದ, ಎರಡು ಲೇಖನಗಳಿಗೆ ಎಪ್ಪತ್ತು, ಪಾಠಕ್ಕೆ ಮೂವತ್ತೈದು, ಮುಂದಿನ ಕೆಲಸಕ್ಕೆ ಅರವತ್ತು. ಐದು ಪದ ಉಳಿಯಿತು. ಅಲ್ಲಿ ಎಂಎಯಲ್ಲಿ ಬಂದ ಚಿನ್ನದ ಪದಕವನ್ನು ಸೇರಿಸುತ್ತೇನೆಂದು ಹಟ ಹಿಡಿದಳು, ಸೇರಿಸಿಯೇ ಕಳಿಸಿದಳು.