ನಿರೀಕ್ಷಣಾ ಜಾಮೀನು: ನಿರೀಕ್ಷೆ ಯಾವುದರದು?

‘ನಿರೀಕ್ಷಣಾ ಜಾಮೀನು ಮಂಜೂರು’ ಎಂಬ ತಲೆಬರಹ ಓದಿ, ಜಾಮೀನು ಸಿಗುವ ನಿರೀಕ್ಷೆಯಿದೆ ಎಂದು ತಿಳಿಯುವ ವಿದ್ಯಾರ್ಥಿಗಳು ಕಡಿಮೆಯಿಲ್ಲ. ತಪ್ಪು ಅವರದಲ್ಲ, ಪದವೇ ಹಾಗಿದೆ. ಇಲ್ಲಿ ನಿರೀಕ್ಷೆ ಇರುವುದು ಬಂಧನದ್ದು. ‘ಪೊಲೀಸರು ನನ್ನನ್ನು ಹಿಡಿಯಬಹುದು, ಹಿಡಿದರೆ ಜಾಮೀನಿನ ಮೇಲೆ ಬಿಡುವಂತೆ ಈಗಲೇ ಆದೇಶಿಸಿ’ ಎಂದು ಕೇಳಿ ಪಡೆಯುವುದೇ ನಿರೀಕ್ಷಣಾ ಜಾಮೀನು. ಬಂಧನವಾದ ಮೇಲೆ ಕೇಳುವುದು ಸಾಮಾನ್ಯ ಜಾಮೀನು.

2024ರ ಒಂದೇ ಪ್ರಕರಣದಲ್ಲಿ ಎರಡನ್ನೂ ನೋಡಬಹುದು. ಕೆ.ಆರ್. ನಗರದ ಮಹಿಳೆಯೊಬ್ಬರ ಅಪಹರಣದ ಆರೋಪದಲ್ಲಿ ಶಾಸಕ ಎಚ್.ಡಿ. ರೇವಣ್ಣ ಮೊದಲು ನಿರೀಕ್ಷಣಾ ಜಾಮೀನಿಗೆ ಯತ್ನಿಸಿದರು. ಮೇ 4ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯದಿಂದ ರಕ್ಷಣೆ ಸಿಗಲಿಲ್ಲ. ಅಂದೇ ಸಂಜೆ ಬಂಧನವಾಯಿತು. ಅಲ್ಲಿಗೆ ಆ ಬಾಗಿಲು ಮುಚ್ಚಿತು, ಉಳಿದದ್ದು ಸಾಮಾನ್ಯ ಜಾಮೀನು. ಅದು ಸಿಕ್ಕಿದ್ದು 13ರಂದು, ಜೈಲಿನಿಂದ ಹೊರಬಂದದ್ದು 14ರಂದು. ಅದೇ ಪ್ರಕರಣದಲ್ಲಿ ಅವರ ಪತ್ನಿ ಭವಾನಿ ರೇವಣ್ಣ ಅವರ ಅರ್ಜಿಯನ್ನೂ ವಿಶೇಷ ನ್ಯಾಯಾಲಯ ಒಪ್ಪಲಿಲ್ಲ. ಆದರೆ ಅವರು ಬಂಧನಕ್ಕೆ ಮುನ್ನವೇ ಹೈಕೋರ್ಟಿಗೆ ಹೋದರು. ಜೂನ್ 18ರಂದು ನಿರೀಕ್ಷಣಾ ಜಾಮೀನು ದೊರೆಯಿತು. ತನಿಖೆಗೆ ಹೊರತು ಹಾಸನ, ಮೈಸೂರು ಜಿಲ್ಲೆಗಳಿಗೆ ಕಾಲಿಡಬಾರದೆಂಬ ಷರತ್ತೂ ಇತ್ತು. ಇಬ್ಬರಿಗೂ ಸಿಕ್ಕಿದ್ದು ಜಾಮೀನು ಮಾತ್ರ, ‘ನಿರಪರಾಧಿ’ ಎಂಬ ತೀರ್ಪಲ್ಲ.

ಇದನ್ನೇ ನಮ್ಮೂರಿಗೆ ತಂದು ನೋಡೋಣ. ಅಜ್ಜಂಪುರದ ಕಡೆ ಬದುವಿನ ಜಗಳ ಹೊಡೆದಾಟಕ್ಕೆ ತಿರುಗಿತು ಎಂದಿಟ್ಟುಕೊಳ್ಳಿ. ಬರೀ ಕೈಯಲ್ಲಿ ಸಣ್ಣ ಗಾಯವಾಗಿದ್ದರೆ ಅದು ಸಾಮಾನ್ಯವಾಗಿ ಜಾಮೀನು ಕೊಡಲೇಬೇಕಾದ ಅಪರಾಧ. ಠಾಣೆಯಲ್ಲೇ ಬಿಡುಗಡೆ ಸಾಧ್ಯ, ನಿರೀಕ್ಷಣಾ ಜಾಮೀನಿನ ಮಾತೇ ಬೇಡ. ಮಚ್ಚಿನೇಟು ಬಿದ್ದು ಕೊಲೆ ಯತ್ನದ ದೂರು ದಾಖಲಾದರೆ ಮಾತ್ರ ಕಥೆ ಬೇರೆ. ಬಂಧಿತನನ್ನು 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸಾಮಾನ್ಯ ಜಾಮೀನಿನ ಅರ್ಜಿಗಳನ್ನು ಎಷ್ಟೋ ಪ್ರಕರಣಗಳಲ್ಲಿ ಅವರೇ ವಿಚಾರಿಸುತ್ತಾರೆ. ಆದರೆ ನಿರೀಕ್ಷಣಾ ಜಾಮೀನು ಕೊಡುವ ಅಧಿಕಾರ ಕಡೂರಿನದಿರಲಿ, ತರೀಕೆರೆಯದಿರಲಿ, ಯಾವ ಮ್ಯಾಜಿಸ್ಟ್ರೇಟರಿಗೂ ಇಲ್ಲ. ಅದು ಸೆಷನ್ಸ್ ನ್ಯಾಯಾಲಯ ಮತ್ತು ಹೈಕೋರ್ಟಿಗೆ ಮಾತ್ರ ಸೇರಿದ್ದು. ಪತ್ರಿಕೆಯ ವರದಿಯಲ್ಲಿ ನ್ಯಾಯಾಲಯದ ಹೆಸರು ನೋಡಿದರೆ ಅರ್ಧ ವಿಷಯ ತಿಳಿದಂತೆಯೇ.

ಹಳೆಯ ವರದಿಗಳಲ್ಲಿ ಕಾಣುವ 438ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 482ನೇ ಕಲಮಾಗಿದೆ. ಎಫ್‌ಐಆರ್ ಆಗುವ ಮೊದಲೂ ಅರ್ಜಿ ಹಾಕಬಹುದೆಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಆದರೆ ಸುಮ್ಮನೆ ‘ಭಯವಾಗುತ್ತಿದೆ’ ಎಂದರೆ ಸಾಲದು, ಬಂಧನವಾಗಬಹುದೆಂದು ನಂಬಲು ಕಾರಣ ತೋರಿಸಬೇಕು. ‘ಯಾವ ಕೇಸಾದರೂ ಹಿಡಿಯಬೇಡಿ’ ಎಂಬ ಸಾರಾಸಗಟು ರಕ್ಷಣೆಯೂ ಸಿಗದು. ಆದೇಶ ಕೈಯಲ್ಲಿದ್ದರೂ ಪೊಲೀಸರು ಕರೆದಾಗ ವಿಚಾರಣೆಗೆ ಹೋಗಲೇಬೇಕು. ಸಾಕ್ಷಿಗಳನ್ನು ಬೆದರಿಸಿದರೆ ಅದು ರದ್ದಾಗಬಹುದು.

ಇನ್ನು ‘ಅರ್ಜಿ ತಿರಸ್ಕೃತ’ ಎಂಬ ಸುದ್ದಿ ಓದಿದೊಡನೆ ಆರೋಪಿ ಜೈಲು ಸೇರಿದನೆಂದು ತಿಳಿಯಬೇಕಿಲ್ಲ. ಪೊಲೀಸರಿಗೆ ಅಡ್ಡಿ ಇಲ್ಲ ಎಂದಷ್ಟೇ ಅದರ ಅರ್ಥ. ಅಷ್ಟರಲ್ಲಿ ಬಂಧನವಾಗದಿದ್ದರೆ ಸೆಷನ್ಸ್‌ನಲ್ಲಿ ಸೋತವನು ಹೈಕೋರ್ಟಿನ ಬಾಗಿಲು ತಟ್ಟಬಹುದು.