ಮೋಟಾರ್‌ನಲ್ಲಿ ಪುಲ್ಲಿ ಕಚ್ಚಿಕೊಂಡಿದೆಯೇ? ಸುತ್ತಿಗೆ ಎತ್ತುವ ಮೊದಲು ಇದನ್ನು ಓದಿ

ಮೇವು ಕತ್ತರಿಸುವ ಯಂತ್ರದ 2 ಎಚ್.ಪಿ. ಮೋಟಾರ್. ಪುಲ್ಲಿಯ ಗಾಡಿ ಸವೆದು ಬೆಲ್ಟ್ ಜಾರುತ್ತಿದೆ. ಹೊಸ ಪುಲ್ಲಿ ತಂದಾಯ್ತು, ಆದರೆ ಹಳೆಯದು ತುಕ್ಕು ಹಿಡಿದು ಕದಲುತ್ತಿಲ್ಲ. ಇಂಥ ಹೊತ್ತಲ್ಲಿ ನಾವು ಮಾಡೋದೇನು? ಹಿಂದಿನಿಂದ ಹಾರೆ ಕೊಟ್ಟು ಮೀಟೋದು, ಇಲ್ಲವೇ ಸುತ್ತಿಗೆಯಿಂದ ಬಡಿಯೋದು. ಒಂದೇ ಪಕ್ಕದಿಂದ ಮೀಟಿದರೆ ಶಾಫ್ಟ್ ಬಾಗುತ್ತದೆ. ಶಾಫ್ಟ್ ತುದಿಗೆ ಬಡಿದರೆ ತುದಿ ಅಗಲವಾಗಿ ಪುಲ್ಲಿ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ, ಆ ಪೆಟ್ಟು ಒಳಗಿನ ಬೇರಿಂಗ್‌ಗೂ ಬೀಳುತ್ತದೆ. ಎಳೆತ ಶಾಫ್ಟ್‌ನ ನೇರಕ್ಕೇ ಇರಬೇಕು. ಅದಕ್ಕೆ ಬೇಕಾದ್ದು ಪುಲ್ಲರ್.

ಮೊದಲು ಕರೆಂಟ್ ವೈರನ್ನೇ ಬಿಚ್ಚಿ, ಬೆಲ್ಟ್ ತೆಗೆಯಿರಿ. ಪುಲ್ಲಿ ಎಷ್ಟು ಒಳಗೆ ಕೂತಿದೆ ಅಂತ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ನಂತರ ನಡುವಿನ ದಪ್ಪ ಭಾಗದಲ್ಲಿ, ಅಂದರೆ ಹಬ್‌ನಲ್ಲಿರುವ ಗ್ರಬ್ ಸ್ಕ್ರೂವನ್ನು ಅಲೆನ್ ಕೀಯಿಂದ ಪೂರ್ತಿ ಹೊರತೆಗೆಯಿರಿ. ಮೊಬೈಲ್ ಟಾರ್ಚ್ ಹಾಕಿ ಆ ತೂತಿನೊಳಗೆ ನೋಡಿ. ಕೆಲವು ಪುಲ್ಲಿಗಳಲ್ಲಿ ಒಂದರ ಕೆಳಗೆ ಇನ್ನೊಂದು ಸ್ಕ್ರೂ ಇರುತ್ತದೆ. ಅದು ಉಳಿದರೆ ಎಷ್ಟು ಎಳೆದರೂ ಬರೋಲ್ಲ.

ಶಾಫ್ಟ್‌ನ ಹೊರಗಿರುವ ಭಾಗದ ತುಕ್ಕನ್ನು ಎಮರಿ ಪೇಪರ್‌ನಿಂದ ಉಜ್ಜಿ. ಪುಲ್ಲಿ ಇದರ ಮೇಲೆಯೇ ಜಾರಿ ಬರಬೇಕು. ಸ್ಕ್ರೂ ತೂತಿಗೂ ಹಬ್‌ನ ಸಂದಿಗೂ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ.

ಮರುದಿನ ಪುಲ್ಲರ್ ಕೂರಿಸಿ. ಅದರ ಕಾಲುಗಳು ಹಬ್‌ನ ಹಿಂದೆಯೇ ಹಿಡಿಯಬೇಕು. ಬೀಡುಕಬ್ಬಿಣದ ಪುಲ್ಲಿಯ ಅಂಚಿಗೆ ಹಾಕಿದರೆ ಅಂಚು ಒಡೆಯುತ್ತದೆ. ನಡುವಿನ ಬೋಲ್ಟಿನ ಮೊನೆ ಶಾಫ್ಟ್ ತುದಿಯ ಮಧ್ಯದ ಕುಳಿಯಲ್ಲಿ ಕೂರಲಿ. ಪಕ್ಕದಿಂದ ನೋಡಿ, ಬೋಲ್ಟ್ ಮತ್ತು ಶಾಫ್ಟ್ ಒಂದೇ ಗೆರೆಯಲ್ಲಿರಬೇಕು. ಓರೆ ಕಂಡರೆ ಬಿಚ್ಚಿ ಮತ್ತೆ ಕೂರಿಸಿ.

ಬೋಲ್ಟನ್ನು ಕಾಲು ಸುತ್ತು ಬಿಗಿ ಮಾಡಿ, ಸ್ವಲ್ಪ ಹೊತ್ತು ಬಿಡಿ, ಮತ್ತೆ ಕಾಲು ಸುತ್ತು. ‘ಟಕ್’ ಅಂತ ಸದ್ದಾದರೆ ತುಕ್ಕು ಬಿಟ್ಟಿತು ಅಂತ ಲೆಕ್ಕ. ಪುಲ್ಲರ್ ಬಿಗಿಯಾಗಿ ನಿಂತೂ ಪುಲ್ಲಿ ಕದಲದಿದ್ದರೆ ಜೋರು ಮಾಡಬೇಡಿ. ಸ್ಪ್ರೇ ಎಣ್ಣೆಗೆ ಬೆಂಕಿ ಹತ್ತುತ್ತದೆ, ಅದನ್ನು ಚೆನ್ನಾಗಿ ಒರೆಸಿ. ಆಮೇಲೆ ಗ್ಯಾಸ್ ಟಾರ್ಚ್‌ನಿಂದ ಹಬ್‌ಗೆ ಮಾತ್ರ, ಸುತ್ತಲೂ ಸಮನಾಗಿ, ಒಂದೆರಡು ನಿಮಿಷ ಬಿಸಿ ಕೊಡಿ. ಹಬ್ ಹಿಗ್ಗಿದ ಕೂಡಲೇ ಬೋಲ್ಟ್ ತಿರುಗಿಸಿ. ತಡ ಮಾಡಿದರೆ ಬಿಸಿ ಶಾಫ್ಟ್‌ಗೂ ಹರಿದು ಅದೂ ಹಿಗ್ಗುತ್ತದೆ, ಬೇರಿಂಗ್‌ನ ಗ್ರೀಸೂ ಕರಗುತ್ತದೆ. ಇಷ್ಟಕ್ಕೂ ಬರದಿದ್ದರೆ ವರ್ಕ್‌ಶಾಪ್‌ಗೆ ಕೊಟ್ಟು ಹಳೆ ಪುಲ್ಲಿಯನ್ನೇ ಕತ್ತರಿಸಿ ತೆಗೆಸಿ. ಪುಲ್ಲಿ ಹೋದರೂ ಶಾಫ್ಟ್ ಉಳಿಯುತ್ತದೆ.

ಪುಲ್ಲಿ ಬಂದ ಮೇಲೆ ಶಾಫ್ಟ್ ಪರೀಕ್ಷಿಸಿ. ಒಂದು ಗಟ್ಟಿ ತಂತಿಯನ್ನು ಮೋಟಾರ್ ಬಾಡಿಗೆ ಕಟ್ಟಿ, ಅದರ ಮೊನೆಯನ್ನು ಶಾಫ್ಟ್ ತುದಿಗೆ ಕೂದಲೆಳೆಯಷ್ಟು ಹತ್ತಿರ ತನ್ನಿ. ಕೈಯಿಂದ ನಿಧಾನ ತಿರುಗಿಸಿ. ಸಂದಿ ಒಂದು ಕಡೆ ಹೆಚ್ಚಾಗಿ ಇನ್ನೊಂದು ಕಡೆ ತಾಗಿದರೆ ಶಾಫ್ಟ್ ಬಾಗಿದೆ. ಹಾಗೇ ಓಡಿಸಿದರೆ ಮೋಟಾರ್ ನಡುಗಿ ಬೇರಿಂಗ್ ಬೇಗ ಹೋಗುತ್ತದೆ.

ಹೊಸ ಪುಲ್ಲಿ ಹಾಕುವಾಗ ಶಾಫ್ಟ್‌ಗೆ ತೆಳುವಾಗಿ ಗ್ರೀಸ್ ಸವರಿ, ಕೈಯಿಂದ ತಳ್ಳಿ ಕೂರಿಸಿ. ಮುಂದಿನ ಸಲ ಬಿಚ್ಚೋದು ಇಷ್ಟು ಕಷ್ಟ ಆಗೋಲ್ಲ.