ಜೂನ್ ಒಂದರ ಬೆಳಗ್ಗೆ

ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಮೇ 31 ಬಂತೆಂದರೆ ಬೀಳ್ಕೊಡುಗೆಗಳ ಸಾಲು. ಹಿಂದೆಲ್ಲ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ನಿಯಮ. ಹಾಗಾಗಿ 60 ತುಂಬಿದ ಎಷ್ಟೋ ಮಂದಿ ಒಂದೇ ಸಂಜೆ ಶಾಲು, ಹಾರ ಹಿಡಿದು ಮನೆಗೆ ಬರುತ್ತಾರೆ. ಮರುದಿನ ಬೆಳಗ್ಗೆ ಎಂದಿನಂತೆ ಸ್ನಾನ, ತಿಂಡಿ ಮುಗಿಯುತ್ತದೆ. ಹತ್ತು ಗಂಟೆಗೆ ಹೋಗಬೇಕಾದ ಜಾಗ ಮಾತ್ರ ಇರುವುದಿಲ್ಲ.

ಈ ಖಾಲಿತನದ ಒಳಗನ್ನು ಬಲು ಹತ್ತಿರದಿಂದ ಕಂಡವರು ಆಸ್ಟ್ರಿಯಾದ ಸಂಶೋಧಕಿ ಮರೀ ಯಹೋಡಾ ಮತ್ತು ಅವರ ಸಂಗಡಿಗರು. ವಿಯೆನ್ನಾ ಬಳಿಯ ಮರಿಯೆಂಟಾಲ್ ಎಂಬ ಊರಿನ ಬಟ್ಟೆ ಗಿರಣಿ ಮುಚ್ಚಿತ್ತು. 1930ರ ದಶಕದ ಆರಂಭದಲ್ಲಿ ಅವರು ಅಲ್ಲಿಗೆ ಹೋದಾಗ ಗಂಡಸರಿಗೆ ಬೇಕಾದಷ್ಟು ಬಿಡುವಿತ್ತು, ಆದರೂ ಗ್ರಂಥಾಲಯದಿಂದ ಒಯ್ಯುವ ಪುಸ್ತಕಗಳು ಕಡಿಮೆಯಾಗಿದ್ದವು. ಬೀದಿಯಲ್ಲಿ ಅವರ ನಡಿಗೆಯೂ ನಿಧಾನವಾಗಿತ್ತು. ದಿನವಿಡೀ ಏನು ಮಾಡಿದಿರೆಂದು ಬರೆದುಕೊಡಿ ಎಂದರೆ ಎದ್ದದ್ದು, ಉಂಡದ್ದು, ಮಲಗಿದ್ದು ಬಿಟ್ಟು ಹೆಚ್ಚೇನೂ ಬರೆಯಲಾಗಲಿಲ್ಲ. ಸಂಬಳದ ಜೊತೆಗೆ ಹೊತ್ತಿನ ಲೆಕ್ಕ, ಮನೆಯಾಚೆಯ ಒಡನಾಟ, ಹತ್ತು ಜನರ ಗುರಿಯಲ್ಲಿ ಪಾಲು, ಸ್ಥಾನಮಾನ, ಕೈಗೆ ಕೆಲಸ ಇವನ್ನೂ ನೌಕರಿ ಸದ್ದಿಲ್ಲದೆ ಕೊಡುತ್ತಿರುತ್ತದೆ ಎಂದು ಯಹೋಡಾ ಮುಂದೆ ವಿವರಿಸಿದರು. ಅಲ್ಲಿದ್ದದ್ದು ನಿರುದ್ಯೋಗ, ಬಡತನ. ಪಿಂಚಣಿ ಇರುವವರ ಪಾಡು ಅಷ್ಟು ಕಠೋರವಲ್ಲ. ಆದರೆ ಪಿಂಚಣಿ ತುಂಬಿಕೊಡುವುದು ಸಂಬಳದ ಜಾಗವನ್ನಷ್ಟೇ.

ಉಳಿದದ್ದು ಬರಿಯ ಹವ್ಯಾಸದಿಂದ ತುಂಬುವುದು ಕಷ್ಟ. ಇಂದು ಬಿಟ್ಟರೆ ನಾಳೆ ಮಾಡಿದರಾಯಿತು ಎನ್ನಬಹುದಾದ ಕೆಲಸ ದಿನವನ್ನು ಹಿಡಿದು ನಿಲ್ಲಿಸುವುದಿಲ್ಲ. ಯಾರೋ ಕಾಯುತ್ತಿರಬೇಕು. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ಬೆಂಗಳೂರಿನ ವಿಜಯಾ ಕಾಲೇಜಿನಿಂದ ನಿವೃತ್ತರಾದದ್ದು 1973ರಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಕೆಲಸ ಆಮೇಲೂ ನಡೆಯಿತು. 1991ರಲ್ಲಿ, 80ರ ಹೊಸ್ತಿಲಲ್ಲಿ, 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಆರಂಭಿಸಿದರು. ಪದವೊಂದರ ಅರ್ಥ ಕೇಳಿ ಓದುಗರು ಪತ್ರ ಬರೆಯುತ್ತಿದ್ದರು, ಅವರಿಗೆ ಉತ್ತರ ಸಿಗಬೇಕಿತ್ತು. ಪ್ರಿನ್ಸಿಪಾಲರ ಕುರ್ಚಿ ಹೋಗಿತ್ತು, ಮೇಷ್ಟ್ರ ಕೆಲಸ ಹೋಗಿರಲಿಲ್ಲ.

ಎಲ್ಲರಿಗೂ ಅಂಕಣ ಬೇಕಿಲ್ಲ. ಲೆಕ್ಕಪತ್ರ ನೋಡಿದವರಿಗೆ ಬಡಾವಣೆಯ ಸಹಕಾರ ಸಂಘದ ಪುಸ್ತಕ, ಗಣಿತ ಹೇಳಿಕೊಟ್ಟವರಿಗೆ ವಾರಕ್ಕೆರಡು ಸಂಜೆ ಹತ್ತನೇ ತರಗತಿಯ ನಾಲ್ಕು ಮಕ್ಕಳು ಸಾಕು. ವಾರ, ಗಂಟೆ ಗೊತ್ತಾಗಿರಬೇಕು. ಬರದಿದ್ದರೆ ಫೋನ್ ಮಾಡಿ ವಿಚಾರಿಸುವವರಿರಬೇಕು. ನಿವೃತ್ತಿಗೆ ಆರು ತಿಂಗಳು ಮುಂಚೆಯೇ ಇದನ್ನು ಹಿಡಿದರೆ ಒಳ್ಳೆಯದು. ಮರಿಯೆಂಟಾಲ್‌ನವರಂತೆ ಒಂದು ವಾರ ಗಂಟೆಗಂಟೆಯ ಲೆಕ್ಕ ಬರೆದರೆ ಪೊಳ್ಳು ಎಲ್ಲಿದೆಯೆಂದು ಕಾಣುತ್ತದೆ. ನಿದ್ದೆ, ಹಸಿವು, ಆಸಕ್ತಿ ಎರಡು ವಾರವಾದರೂ ಮರಳದಿದ್ದರೆ ಅದು ಬರಿಯ ಬೇಸರವಲ್ಲದಿರಬಹುದು, ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು.

ಮರಿಯೆಂಟಾಲ್‌ನ ಹೆಂಗಸರು ಬೀದಿಯಲ್ಲಿ ಬಿರುಸಾಗಿಯೇ ನಡೆಯುತ್ತಿದ್ದರು. ಗಿರಣಿ ಮುಚ್ಚಿದರೂ ಅವರ ಮನೆಗೆಲಸ ಮುಚ್ಚಿರಲಿಲ್ಲ. ನಮ್ಮಲ್ಲಿ ನಿವೃತ್ತರಾದ ಗಂಡಸರು ಅಡುಗೆಮನೆ ಬಾಗಿಲಲ್ಲಿ ನಿಂತು ಸಲಹೆ ಕೊಡತೊಡಗಿದಾಗ ಜಗಳ ಹುಟ್ಟುತ್ತದೆ. ಅದರ ಬದಲು ಒಂದು ಕೆಲಸವನ್ನು, ರಾತ್ರಿಯ ಅಡುಗೆಯನ್ನೇ ಅನ್ನಿ, ತರಕಾರಿ ತರುವುದರಿಂದ ಪಾತ್ರೆ ತೊಳೆಯುವವರೆಗೆ ಪೂರ್ತಿ ತಮ್ಮದಾಗಿಸಿಕೊಳ್ಳಬಹುದು. ಎಂಟು ಗಂಟೆಗೆ ಮನೆಯವರು ಊಟಕ್ಕೆ ಕಾಯುತ್ತಿರುತ್ತಾರೆ.